ಟ್ಯಾಗ್ ಹೋಲಿಸುವಾಗ ಸೋರುವ ಸಮಯ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಕೋಡಿನ ಒಂದೇ ಒಂದು ಸಾಲಿನ ಬಗ್ಗೆ. ಸರ್ವರ್‌ಗೆ ಒಂದು ಸಂದೇಶ ಬರುತ್ತದೆ, ಅದರ ಜೊತೆ, ಸಂದೇಶವನ್ನು ನಡುವೆ ಯಾರೂ ಬದಲಿಸಿಲ್ಲ ಎಂದು ತೋರಿಸುವ ಎಚ್‌ಮ್ಯಾಕ್ ಟ್ಯಾಗ್ ಬರುತ್ತದೆ. ಸರ್ವರ್ ತನ್ನ ಹತ್ತಿರ ಇರುವ ಗುಟ್ಟಿನ ಕೀ ಬಳಸಿ ಅದೇ ಸಂದೇಶಕ್ಕೆ ಟ್ಯಾಗ್ ಲೆಕ್ಕ ಹಾಕುತ್ತದೆ. ಆಮೇಲೆ ಬಂದ ಟ್ಯಾಗನ್ನೂ ತಾನು ಲೆಕ್ಕ ಹಾಕಿದ್ದನ್ನೂ ಹೋಲಿಸಿ ನೋಡುತ್ತದೆ. ಈ ಹೋಲಿಸುವ ಸಾಲನ್ನು ಹೇಗೆ ಬರೆಯಬೇಕು ಎನ್ನುವುದರ ಸುತ್ತ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

`==` ಹಾಕಿದರೆ ಏನು ತೊಂದರೆ? ಉತ್ತರ ಸರಿಯಾಗೇ ಬರುತ್ತದಲ್ವಾ?

ಉತ್ತರ ಸರಿಯಾಗೇ ಬರುತ್ತದೆ. ತೊಂದರೆ ಇರುವುದು ಆ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಎನ್ನುವುದರಲ್ಲಿ. ಸಾಮಾನ್ಯ ಹೋಲಿಕೆ ಒಳಗೆ ಹೆಚ್ಚುಕಡಿಮೆ ಹೀಗಿರುತ್ತದೆ:

```python
def same(a, b):
    if len(a) != len(b):
        return False
    for x, y in zip(a, b):
        if x != y:
            return False
    return True
```

ಮೊದಲ ಬೈಟ್ ಹೊಂದಲಿಲ್ಲ ಅಂದರೆ ಲೂಪ್ ಅಲ್ಲೇ ನಿಲ್ಲುತ್ತದೆ. ಹತ್ತು ಬೈಟ್ ಹೊಂದಿ ಹನ್ನೊಂದನೆಯದು ತಪ್ಪಿದರೆ ಹನ್ನೊಂದು ಸುತ್ತು ಓಡುತ್ತದೆ. ದಿನನಿತ್ಯದ ಕೆಲಸಕ್ಕೆ ಇದು ಒಳ್ಳೆಯ ಗುಣ, ಸುಮ್ನೆ ಮುಂದೆ ನೋಡುವ ಅಗತ್ಯ ಇಲ್ಲ. ಆದರೆ ಹೋಲಿಸುವ ಎರಡರಲ್ಲಿ ಒಂದು ಗುಟ್ಟಾಗಿದ್ದು, ಇನ್ನೊಂದು ಆಕ್ರಮಣಕಾರ ಕಳಿಸಿದ್ದಾದರೆ ಕತೆ ಬೇರೆ. ಆಗ ಹೋಲಿಕೆಗೆ ಹಿಡಿದ ಸಮಯವೇ ಅವನಿಗೆ ಒಂದು ಮಾತು ಹೇಳಿಬಿಡುತ್ತದೆ: ನಿನ್ನ ಊಹೆಯಲ್ಲಿ ಮೊದಲ ಇಷ್ಟು ಬೈಟ್ ಸರಿ ಇವೆ. ಇದನ್ನೇ ಟೈಮಿಂಗ್ ಸೈಡ್ ಚಾನೆಲ್ ಅನ್ನುತ್ತಾರೆ.

ಅಷ್ಟರಿಂದ ಪೂರ್ತಿ ಟ್ಯಾಗ್ ಹೇಗೆ ಸಿಗುತ್ತದೆ?

ಒಂದು ಉದಾಹರಣೆ ಹಿಡಿದು ನೋಡೋಣ. ಶಾ-256 ಬಳಸುವ ಎಚ್‌ಮ್ಯಾಕ್‌ನ ಟ್ಯಾಗ್ 32 ಬೈಟ್ ಉದ್ದ. ಆಕ್ರಮಣಕಾರ ತನಗೆ ಬೇಕಾದ ಒಂದು ಸಂದೇಶ ಬರೆದುಕೊಳ್ಳುತ್ತಾನೆ. ಅದಕ್ಕೆ ಸರಿಯಾದ ಟ್ಯಾಗ್ `9c 41 e7 …` ಎಂದಿರಲಿ. ಅದು ಅವನಿಗೆ ಗೊತ್ತಿಲ್ಲ.

ಅವನು ಸಂದೇಶವನ್ನು ಒಂಚೂರೂ ಬದಲಿಸದೆ ಟ್ಯಾಗ್ ಮಾತ್ರ ಬದಲಿಸುತ್ತಾ ಕಳಿಸುತ್ತಾನೆ. ಮೊದಲು `00 00 00 …`, ಆಮೇಲೆ `01 00 00 …`, ಹೀಗೆ `ff` ತನಕ. 256 ಊಹೆಗಳಲ್ಲಿ 255ಕ್ಕೆ ಲೂಪ್ ಮೊದಲ ಸುತ್ತಲ್ಲೇ ನಿಲ್ಲುತ್ತದೆ. `9c` ಕಳಿಸಿದಾಗ ಮಾತ್ರ ಎರಡನೇ ಸುತ್ತಿಗೆ ಹೋಗುತ್ತದೆ, ಕೂದಲೆಳೆಯಷ್ಟು ತಡವಾಗುತ್ತದೆ. ಪ್ರತಿ ಊಹೆಯನ್ನೂ ತುಂಬಾ ಸಲ ಕಳಿಸಿ ಸರಾಸರಿ ತೆಗೆದರೆ ಆ ಒಂದು ಊಹೆ ಎದ್ದು ಕಾಣುತ್ತದೆ. ಮೊದಲ ಬೈಟ್ ಸಿಕ್ಕಿತು. ಈಗ `9c 00 …`, `9c 01 …` ಎಂದು ಮುಂದುವರಿಸಿದರೆ `9c 41` ಹತ್ತಿರ ಮತ್ತೆ ತಡ ಕಾಣುತ್ತದೆ. ಕೊನೆಯ ಬೈಟಿಗೆ ಗಡಿಯಾರವೂ ಬೇಡ, ಸರಿಯಾದಾಗ ಸರ್ವರ್ ಸಂದೇಶವನ್ನೇ ಒಪ್ಪಿಕೊಳ್ಳುತ್ತದೆ.

ಲೆಕ್ಕ ನೋಡಿ. ಕುರುಡಾಗಿ ಊಹಿಸಿದರೆ 2^256 ಸಾಧ್ಯತೆಗಳು, ಅಂದರೆ 78 ಅಂಕಿಗಳ ಸಂಖ್ಯೆ. ಒಂದೊಂದೇ ಬೈಟ್ ಬಿಡಿಸಿದರೆ ಹೆಚ್ಚೆಂದರೆ 32 × 256 = 8192 ಊಹೆ ಸಾಕು. ಟ್ಯಾಗನ್ನು ಹೆಕ್ಸ್ ಪಠ್ಯವಾಗಿಯೇ ಇಟ್ಟುಕೊಂಡು ಅಕ್ಷರ ಅಕ್ಷರವಾಗಿ ಹೋಲಿಸಿದರೆ ಇನ್ನೂ ಕಡಿಮೆ: 64 ಅಕ್ಷರ, ಪ್ರತಿಯೊಂದಕ್ಕೂ 16 ಸಾಧ್ಯತೆ, ಒಟ್ಟು 1024. ಟ್ಯಾಗ್ ಉದ್ದ ಮಾಡಿದರೆ ಸಾಕಲ್ಲ ಎಂದು ಕೆಲವರು ಕೇಳುತ್ತಾರೆ. ಸಾಲದು. ಸಮಯ ಸೋರುತ್ತಿದ್ದರೆ ಉದ್ದ ಎರಡು ಪಟ್ಟಾದಾಗ ಅವನ ಕೆಲಸವೂ ಬರೀ ಎರಡು ಪಟ್ಟಾಗುತ್ತದೆ.

ಹಾಗಾದರೆ ಅವನಿಗೆ ಕೀ ಕೂಡ ಸಿಕ್ಕಿಬಿಡುತ್ತಾ?

ಇಲ್ಲ. ಸಿಗುವುದು ಆ ಒಂದು ಸಂದೇಶದ ಟ್ಯಾಗ್ ಮಾತ್ರ. ಇನ್ನೊಂದು ಸಂದೇಶಕ್ಕೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆದರೆ ಎಷ್ಟೋ ಕಡೆ ಒಂದೇ ಒಂದು ನಕಲಿ ಸಂದೇಶ ಸಾಕಾಗುತ್ತದೆ. ‘ಈ ಬಳಕೆದಾರನಿಗೆ ಅಡ್ಮಿನ್ ಹಕ್ಕು ಕೊಡು’ ಎನ್ನುವ ಕುಕೀ ಒಂದಿದ್ದರೆ ಮುಗಿಯಿತು.

ಒಂದು ಬೈಟಿನ ವ್ಯತ್ಯಾಸ ನೆಟ್‌ವರ್ಕ್ ಗದ್ದಲದಲ್ಲಿ ಕಾಣುತ್ತದಾ? ಇದು ಬರೀ ಥಿಯರಿ ಅನಿಸುತ್ತದೆ.

ಈ ಅನುಮಾನ ನ್ಯಾಯವಾದದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗದ್ದಲ ಇದ್ದರೂ ಸರಾಸರಿ ತೆಗೆದಂತೆಲ್ಲ ಅದು ಕರಗುತ್ತದೆ. ಕರಗುವ ವೇಗ ಅಳತೆಗಳ ಸಂಖ್ಯೆಯ ವರ್ಗಮೂಲದಷ್ಟು. ಅಳತೆಗಳಲ್ಲಿ 1 ಮೈಕ್ರೋಸೆಕೆಂಡಿನಷ್ಟು ಏರುಪೇರು ಇದೆ, ಹುಡುಕುತ್ತಿರುವ ವ್ಯತ್ಯಾಸ 10 ನ್ಯಾನೋಸೆಕೆಂಡ್ ಎಂದಿಟ್ಟುಕೊಳ್ಳಿ. ಗದ್ದಲ ನೂರು ಪಟ್ಟು ದೊಡ್ಡದು. ನೂರರ ವರ್ಗ ಹತ್ತು ಸಾವಿರ. ಖಚಿತವಾಗಿ ಹೇಳಲು ಅದರ ಕೆಲವು ಪಟ್ಟು ಅಳತೆ ಬೇಕು. ಜಾಸ್ತಿಯೇ, ಆದರೆ ಯಂತ್ರಕ್ಕೆ ಅಸಾಧ್ಯವಲ್ಲ. ವ್ಯತ್ಯಾಸ 1 ನ್ಯಾನೋಸೆಕೆಂಡ್ ಆದರೆ ಅಳತೆಗಳು ನೂರು ಪಟ್ಟು ಹೆಚ್ಚಬೇಕು, ಅಲ್ಲಿಂದ ಕಷ್ಟ ಶುರು.

2009ರಲ್ಲಿ ಕ್ರಾಸ್ಬಿ, ವಾಲಕ್ ಮತ್ತು ರೀಡಿ ಎಂಬ ಸಂಶೋಧಕರು ಇದನ್ನು ಅಳೆದು ನೋಡಿದರು. ಇಂಟರ್‌ನೆಟ್ ಮೇಲೆ 15ರಿಂದ 100 ಮೈಕ್ರೋಸೆಕೆಂಡ್ ತನಕದ ವ್ಯತ್ಯಾಸ, ಒಂದೇ ಲೋಕಲ್ ನೆಟ್‌ವರ್ಕಿನೊಳಗೆ 100 ನ್ಯಾನೋಸೆಕೆಂಡ್ ತನಕದ್ದು ಗುರುತಿಸಲು ಸಿಗುತ್ತದೆ ಎಂದರು. ಬರೀ ಇಷ್ಟನ್ನು ನೋಡಿದರೆ ಸಮಾಧಾನ ಅನಿಸಬಹುದು. ಆದರೆ 2020ರಲ್ಲಿ ಬಂದ ಇನ್ನೊಂದು ಕೆಲಸ ಗಡಿಯಾರವನ್ನೇ ಪಕ್ಕಕ್ಕಿಟ್ಟಿತು. ಎಚ್‌ಟಿಟಿಪಿ/2ರಲ್ಲಿ ಎರಡು ವಿನಂತಿಗಳನ್ನು ಒಂದೇ ಪ್ಯಾಕೆಟ್ಟಿನಲ್ಲಿ ಕಳಿಸಬಹುದು. ಎರಡೂ ಒಟ್ಟಿಗೆ ಸರ್ವರ್ ತಲುಪುತ್ತವೆ. ಯಾವ ಉತ್ತರ ಮೊದಲು ಬಂತು ಎಂದು ನೋಡಿದರೆ ಸಾಕು, ದಾರಿಯ ಏರುಪೇರು ಎರಡಕ್ಕೂ ಒಂದೇ ಆದ್ದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ಇಂಟರ್‌ನೆಟ್ ಮೇಲೂ 100 ನ್ಯಾನೋಸೆಕೆಂಡ್ ವ್ಯತ್ಯಾಸ ಹಿಡಿಯಲು ಸಾಧ್ಯವಾಯಿತು.

ಇನ್ನೊಂದು ಕಡೆಯನ್ನೂ ಹೇಳಬೇಕು. ಇಂದಿನ ದೊಡ್ಡ ಪ್ರೊಸೆಸರ್‌ಗಳಲ್ಲಿ ಒಂದು ಬೈಟ್ ಹೋಲಿಸಲು 1 ನ್ಯಾನೋಸೆಕೆಂಡೂ ಬೇಕಿಲ್ಲ. ಅನೇಕ ಲೈಬ್ರರಿಗಳ `memcmp` ಒಂದೇ ಸಲಕ್ಕೆ 16 ಅಥವಾ 32 ಬೈಟ್ ಹೋಲಿಸುತ್ತದೆ. ಆಗ ಒಂದೊಂದೇ ಬೈಟ್ ಬಿಡಿಸುವ ಆಟ ನಡೆಯುವುದಿಲ್ಲ. ಹಾಗಾಗಿ ದೂರದ ಸರ್ವರ್‌ನ `memcmp` ಮೇಲೆ ನೇರ ಆಕ್ರಮಣ ನಿಜಕ್ಕೂ ಕಷ್ಟ. ಆದರೆ ನಿಮ್ಮ ಕೋಡ್ ನಾಳೆ ಯಾವ ಲೈಬ್ರರಿ ಜೊತೆ, ಯಾವ ಚಿಪ್ ಮೇಲೆ ಓಡುತ್ತದೆ ಎಂದು ನಿಮಗೆ ಗೊತ್ತಿರುವುದಿಲ್ಲ. 16 ಮೆಗಾಹರ್ಟ್ಸ್‌ನ ಒಂದು ಸಣ್ಣ ಮೈಕ್ರೋಕಂಟ್ರೋಲರ್ ತೆಗೆದುಕೊಳ್ಳಿ. ಲೂಪಿನ ಒಂದು ಸುತ್ತಿಗೆ ಹತ್ತು ಗಡಿಯಾರ ಬಡಿತ ಬೇಕೆಂದರೆ 625 ನ್ಯಾನೋಸೆಕೆಂಡ್ ಆಯಿತು. ಆ ಚಿಪ್ ಆಕ್ರಮಣಕಾರನ ಮೇಜಿನ ಮೇಲೇ ಇದ್ದು, ಅವನು ಪಿನ್‌ಗೆ ತಂತಿ ಹಾಕಿ ಅಳೆಯುತ್ತಿದ್ದರೆ ಗದ್ದಲವೇ ಇಲ್ಲ. ಪ್ರತಿ ಊಹೆಗೆ ಒಂದೇ ಅಳತೆ ಸಾಕಾಗಬಹುದು.

ನಿಜವಾಗಿ ಯಾರಾದರೂ ಹೀಗೆ ಒಡೆದಿದ್ದಾರಾ?

ಒಡೆದಿದ್ದಾರೆ. 2007ರಲ್ಲಿ ಎಕ್ಸ್‌ಬಾಕ್ಸ್ 360 ಗೇಮ್ ಯಂತ್ರದ ಬೂಟ್‌ಲೋಡರ್ ಪರೀಕ್ಷೆಯನ್ನು ಹೀಗೆಯೇ ದಾಟಿದರು. ಅಲ್ಲಿ 16 ಬೈಟಿನ ಒಂದು ಎಚ್‌ಮ್ಯಾಕ್ ಮೌಲ್ಯವನ್ನು ಮೊದಲ ತಪ್ಪಿಗೇ ನಿಲ್ಲುವ ಹೋಲಿಕೆ ಪರಿಶೀಲಿಸುತ್ತಿತ್ತು. ಸರಾಸರಿ 16 × 128 = 2048 ಪ್ರಯತ್ನ. ಪ್ರತಿ ಪ್ರಯತ್ನಕ್ಕೂ ಯಂತ್ರವನ್ನು ಮತ್ತೆ ಬೂಟ್ ಮಾಡಬೇಕಿದ್ದರೂ ತಾಳ್ಮೆ ಇದ್ದವರಿಗೆ ಅದು ಆಗುವ ಕೆಲಸವೇ.

2009ರಲ್ಲಿ ನೇಟ್ ಲಾಸನ್ ಅವರು ಗೂಗಲ್‌ನ ಕೀಸರ್ ಎಂಬ ಕ್ರಿಪ್ಟೋ ಲೈಬ್ರರಿಯಲ್ಲಿ ಇದೇ ತಪ್ಪನ್ನು ತೋರಿಸಿದರು, ಅದನ್ನು ಸರಿಪಡಿಸಲಾಯಿತು. ಅದೇ ವರ್ಷ ಜಾವಾದ `MessageDigest.isEqual` ಕೂಡ ಸರಿಯಾಯಿತು. ಜಾವಾ 6ರ 17ನೇ ಅಪ್‌ಡೇಟ್ ತನಕ ಆ ಫಂಕ್ಷನ್ ಕೂಡ ಮೊದಲ ತಪ್ಪಿಗೇ ಹೊರಗೆ ಬರುತ್ತಿತ್ತು. ಕ್ರಿಪ್ಟೋ ಬಲ್ಲವರು ಬರೆದ ಕೋಡಿನಲ್ಲೇ ಇದು ಇತ್ತು ಎನ್ನುವುದನ್ನು ಗಮನಿಸಿ.

ಇದರ ಮೂಲ ಉಪಾಯ ಇನ್ನೂ ಹಳೆಯದು. 1970ರ ದಶಕದ ಟೆನೆಕ್ಸ್ ಆಪರೇಟಿಂಗ್ ಸಿಸ್ಟಮ್ ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ನೋಡುತ್ತಿತ್ತು. ಊಹೆಯ ಮೊದಲ ಅಕ್ಷರವನ್ನು ಒಂದು ಮೆಮೊರಿ ಪುಟದ ಕೊನೆಯಲ್ಲಿಟ್ಟು, ಮುಂದಿನ ಪುಟ ಮೆಮೊರಿಯಲ್ಲಿ ಇಲ್ಲದಂತೆ ನೋಡಿಕೊಂಡರೆ ಸಾಕು. ಪೇಜ್ ಫಾಲ್ಟ್ ಆಯಿತು ಅಂದರೆ ಸಿಸ್ಟಮ್ ಎರಡನೇ ಅಕ್ಷರದ ತನಕ ಹೋಗಿದೆ, ಅಂದರೆ ಮೊದಲನೆಯದು ಸರಿ. ಗಡಿಯಾರ ಕೂಡ ಬೇಕಾಗಲಿಲ್ಲ.

ನಡುವೆ ಒಂದು ರ‍್ಯಾಂಡಮ್ ಸ್ಲೀಪ್ ಹಾಕಿದರೆ?

ಅದು ಗದ್ದಲ ಹೆಚ್ಚಿಸುತ್ತದೆ ಅಷ್ಟೇ, ಸೋರುವುದನ್ನು ನಿಲ್ಲಿಸುವುದಿಲ್ಲ. ರ‍್ಯಾಂಡಮ್ ತಡದ ಸರಾಸರಿ ಎಲ್ಲ ಊಹೆಗಳಿಗೂ ಒಂದೇ. ಸಾಕಷ್ಟು ಅಳತೆ ಸೇರಿಸಿದರೆ ಅದು ಕಳೆದುಹೋಗಿ, ಕೆಳಗಿನ ವ್ಯತ್ಯಾಸ ಹಾಗೇ ಉಳಿಯುತ್ತದೆ. ಜಾಣ ಆಕ್ರಮಣಕಾರ ಸರಾಸರಿಯನ್ನೂ ತೆಗೆಯುವುದಿಲ್ಲ. ಪ್ರತಿ ಊಹೆಯ ಅತಿ ಕಡಿಮೆ ಸಮಯಗಳನ್ನು ಮಾತ್ರ ಆರಿಸಿಕೊಳ್ಳುತ್ತಾನೆ, ಏಕೆಂದರೆ ಸ್ಲೀಪ್ ಸೊನ್ನೆಗೆ ಹತ್ತಿರ ಬಂದ ಸಲಗಳು ಅಲ್ಲೇ ಇರುತ್ತವೆ. ನಿಮ್ಮ ನಿಜವಾದ ಬಳಕೆದಾರರು ಮಾತ್ರ ಪ್ರತಿ ಸಲವೂ ಕಾಯುತ್ತಾರೆ.

ವಿನಂತಿಗಳಿಗೆ ಮಿತಿ ಹಾಕುವುದು ಇದಕ್ಕಿಂತ ಒಳ್ಳೆಯದು, ಅದು ಇರಲಿ. ಆದರೂ ಅದು ಮೂಲ ತಪ್ಪಿಗೆ ಮದ್ದಲ್ಲ. ಮದ್ದು ಮೂರು ಸಾಲಿನಷ್ಟು ಚಿಕ್ಕದಾಗಿರುವಾಗ ಅದನ್ನೇ ಹಚ್ಚುವುದು ಸರಿ.

ಕಾನ್‌ಸ್ಟಂಟ್ ಟೈಮ್ ಹೋಲಿಕೆ ಹೇಗೆ ಕೆಲಸ ಮಾಡುತ್ತದೆ?

ಎಲ್ಲ ಬೈಟ್‌ಗಳನ್ನೂ ತಪ್ಪದೆ ನೋಡುತ್ತದೆ. ತಪ್ಪು ಕಂಡರೂ ನಿಲ್ಲುವುದಿಲ್ಲ, ಅದನ್ನು ನೆನಪಿಟ್ಟುಕೊಂಡು ಮುಂದೆ ಹೋಗುತ್ತದೆ.

```c
int ct_equal(const uint8_t *a, const uint8_t *b, size_t n) {
    uint8_t diff = 0;
    for (size_t i = 0; i < n; i++)
        diff |= a[i] ^ b[i];
    return diff == 0;
}
```

ಎಕ್ಸಾರ್ ಮಾಡಿದಾಗ ಎರಡು ಬೈಟ್ ಒಂದೇ ಆಗಿದ್ದರೆ ಸೊನ್ನೆ ಬರುತ್ತದೆ. `41 ^ 41` ಅಂದರೆ `00`. ಬೇರೆಯಾಗಿದ್ದರೆ ಎಲ್ಲೋ ಒಂದು ಬಿಟ್ ಏಳುತ್ತದೆ, `41 ^ 43` ಅಂದರೆ `02`. ಅದನ್ನು `|=` ಮೂಲಕ `diff`ಗೆ ಸೇರಿಸುತ್ತೇವೆ. ಒಂದು ಸಲ ಎದ್ದ ಬಿಟ್ ಮತ್ತೆ ಇಳಿಯುವುದಿಲ್ಲ. ಕೊನೆಯಲ್ಲಿ `diff` ಸೊನ್ನೆಯಾಗಿ ಉಳಿದಿದ್ದರೆ ಎಲ್ಲವೂ ಹೊಂದಿವೆ. ಒಳಗೆ ಎಲ್ಲೂ ಗುಟ್ಟನ್ನು ನೋಡಿ ತೀರ್ಮಾನಿಸುವ `if` ಇಲ್ಲ.

‘ಕಾನ್‌ಸ್ಟಂಟ್’ ಅಂದರೆ ಯಾವಾಗಲೂ ಇಷ್ಟೇ ನ್ಯಾನೋಸೆಕೆಂಡ್ ಎಂದಲ್ಲ. ಇಂದು ವೇಗವಾಗಿ, ನಾಳೆ ನಿಧಾನವಾಗಿ ಓಡಬಹುದು. ಉದ್ದ ಜಾಸ್ತಿ ಇದ್ದರೆ ಸಮಯವೂ ಜಾಸ್ತಿ. ಸಮಯ ಗುಟ್ಟಿನ ಬೆಲೆಯ ಮೇಲೆ ನಿಂತಿರಬಾರದು, ಅಷ್ಟೇ ಇದರ ಅರ್ಥ.

ಇಷ್ಟು ಸುಲಭ ಇದ್ದರೆ ನಾನೇ ಬರೆದುಕೊಳ್ಳಬಹುದಲ್ವಾ?

ಬರೆಯಬೇಡಿ ಎಂದೇ ನನ್ನ ಸಲಹೆ. ಎರಡು ಕಾರಣ ಇವೆ.

ಮೊದಲನೆಯದು, ಒಂದು ಚಿಹ್ನೆ ತಪ್ಪಿದರೂ ಸಮಯ ಸೋರುವುದಕ್ಕಿಂತ ದೊಡ್ಡ ಅನಾಹುತ ಆಗುತ್ತದೆ. ಮೇಲಿನ ಕೋಡಿನಲ್ಲಿ `|=` ಬದಲು `^=` ಹಾಕಿದಿರಿ ಎನ್ನಿ. ನೋಡಲು ಹೆಚ್ಚುಕಡಿಮೆ ಒಂದೇ. ಸರಿಯಾದ ಟ್ಯಾಗ್ `01 01`, ಬಂದದ್ದು `02 02`. ಮೊದಲ ಬೈಟಿನಿಂದ `03`, ಎರಡನೆಯದರಿಂದಲೂ `03`. ಎರಡೂ ಒಂದನ್ನೊಂದು ಅಳಿಸಿಹಾಕಿ `diff` ಸೊನ್ನೆಯಾಗುತ್ತದೆ, ತಪ್ಪು ಟ್ಯಾಗ್ ಪಾಸ್! ಯಾವ ಟ್ಯಾಗ್ ಕಳಿಸಿದರೂ ಒಳಗೆ ಬಿಡುವ ಸಾಧ್ಯತೆ 256ಕ್ಕೆ 1. `+=` ಹಾಕಿದರೂ ಕತೆ ಅದೇ, ಎಂಟು ಬಿಟ್ಟಿನ ಮೊತ್ತ 256 ಮುಟ್ಟಿದಾಗ ಸೊನ್ನೆಗೆ ತಿರುಗುತ್ತದೆ. ಸರಿ ಟ್ಯಾಗ್ ಒಪ್ಪುತ್ತದೆಯೇ, ಒಂದು ಬೈಟ್ ಬದಲಿಸಿದರೆ ತಿರಸ್ಕರಿಸುತ್ತದೆಯೇ ಎಂದು ಮಾತ್ರ ನೋಡುವ ಟೆಸ್ಟ್‌ಗಳು ಇದನ್ನು ಹಿಡಿಯುವುದಿಲ್ಲ. 2012ರಲ್ಲಿ ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಹತ್ತಿರದ ಒಂದು ದೋಷ ಹೊರಬಂತು, CVE-2012-2122. ಅಲ್ಲಿ `memcmp` ಕೊಟ್ಟ ಉತ್ತರವನ್ನು ಒಂದು ಬೈಟಿಗೆ ಕತ್ತರಿಸಿದ್ದರಿಂದ ಕೆಲವು ಬಿಲ್ಡ್‌ಗಳಲ್ಲಿ ತಪ್ಪು ಪಾಸ್‌ವರ್ಡ್ ಕೂಡ ಸುಮಾರು 256ರಲ್ಲಿ ಒಂದು ಸಲ ಒಳಗೆ ಬಿಡುತ್ತಿತ್ತು.

ಎರಡನೆಯದು ಕಂಪೈಲರ್. ಅದಕ್ಕೆ ಬೇಕಾಗಿರುವುದು ಸರಿಯಾದ ಉತ್ತರ ಮತ್ತು ವೇಗ. ಸಮಯ ಒಂದೇ ಇರಬೇಕೆಂಬ ನಿಮ್ಮ ಉದ್ದೇಶ ಸಿ ಭಾಷೆಯಲ್ಲಿ ಹೇಳಲು ಬರುವುದೇ ಇಲ್ಲ. `diff` ಒಮ್ಮೆ ಸೊನ್ನೆ ಅಲ್ಲದಾದ ಮೇಲೆ ಉತ್ತರ ಬದಲಾಗದು ಎಂದು ಕಂಪೈಲರ್ ಕಂಡುಕೊಂಡರೆ, ಲೂಪಿನಿಂದ ಬೇಗ ಹೊರಬರುವ ಕೋಡ್ ಹಾಕಲು ಅದಕ್ಕೆ ಪೂರ್ತಿ ಹಕ್ಕಿದೆ. ಇದು ಬರೀ ಹೆದರಿಕೆಯಲ್ಲ. ಕೈಬರ್ ಎಂಬ ಹೊಸ ಕ್ರಿಪ್ಟೋ ವಿಧಾನದ ಮಾದರಿ ಕೋಡಿನಲ್ಲಿ `if` ಇಲ್ಲದೆ ಜಾಗರೂಕತೆಯಿಂದ ಬರೆದ ಒಂದು ಭಾಗವನ್ನು ಕ್ಲಾಂಗ್ ಕಂಪೈಲರ್ ಕೆಲವು ಆಯ್ಕೆಗಳಲ್ಲಿ ಗುಟ್ಟನ್ನು ನೋಡಿ ಜಿಗಿಯುವ ಕೋಡಾಗಿ ಬದಲಿಸಿತ್ತು. ಅದು 2024ರಲ್ಲಿ ಬಯಲಾಯಿತು, ಅದರಿಂದ ಗುಟ್ಟಿನ ಕೀ ಹೊರತೆಗೆದೂ ತೋರಿಸಿದರು.

ಹಾಗಾದರೆ ಯಾವ ಫಂಕ್ಷನ್ ಬಳಸಲಿ?

ನಿಮ್ಮ ಭಾಷೆಯಲ್ಲಿ ಈಗಾಗಲೇ ಇದೆ. ಪೈಥಾನ್‌ನಲ್ಲಿ `hmac.compare_digest`, ಗೋ ಭಾಷೆಯಲ್ಲಿ `subtle.ConstantTimeCompare` ಅಥವಾ `hmac.Equal`, ನೋಡ್‌ನಲ್ಲಿ `crypto.timingSafeEqual`, ಪಿಎಚ್‌ಪಿಯಲ್ಲಿ `hash_equals`, ಜಾವಾದಲ್ಲಿ `MessageDigest.isEqual`. ಸಿ ಬರೆಯುವವರಿಗೆ ಓಪನ್‌ಎಸ್‌ಎಸ್‌ಎಲ್‌ನ `CRYPTO_memcmp` ಅಥವಾ ಲಿಬ್‌ಸೋಡಿಯಂನ `sodium_memcmp`. ಪೈಥಾನ್‌ನಲ್ಲಿ ಪೂರ್ತಿ ಕೆಲಸ ಇಷ್ಟೇ:

```python
expected = hmac.new(key, body, hashlib.sha256).digest()
ok = hmac.compare_digest(expected, received)
```

`CRYPTO_memcmp` ಬಳಸುವಾಗ ಒಂದು ಎಚ್ಚರ: ಅದು ಹೊಂದಿದರೆ 0 ಕೊಡುತ್ತದೆ, `hash_equals` ತರಹ ‘ನಿಜ’ ಅಲ್ಲ. ಇದನ್ನು ತಿರುಗಿಸಿ ಬರೆದರೆ ಸರಿಯಾದ ಟ್ಯಾಗ್ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಒಪ್ಪುವ ಸರ್ವರ್ ಸಿಗುತ್ತದೆ.

ಎರಡರ ಉದ್ದ ಬೇರೆ ಬೇರೆ ಇದ್ದರೆ?

ಟ್ಯಾಗ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಶಾ-256 ಟ್ಯಾಗ್ 32 ಬೈಟ್ ಎಂದು ಇಡೀ ಜಗತ್ತಿಗೆ ಗೊತ್ತು. ಉದ್ದ ಬೇರೆಯಾದರೆ ಕೂಡಲೇ ತಿರಸ್ಕರಿಸಿ. ನೋಡ್‌ನ `timingSafeEqual` ಮಾತ್ರ ಉದ್ದ ಬೇರೆಯಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ, ಅದನ್ನು ಹಿಡಿಯದಿದ್ದರೆ ಗ್ರಾಹಕನಿಗೆ 500 ದೋಷ ಹೋಗುತ್ತದೆ. ಮೊದಲೇ ಉದ್ದ ನೋಡಿಬಿಡಿ.

ಗುಟ್ಟಿನ ಉದ್ದವೇ ಗುಟ್ಟಾಗಿದ್ದರೆ, ಎರಡನ್ನೂ ಮೊದಲು ಒಂದು ರ‍್ಯಾಂಡಮ್ ಕೀಯಿಂದ ಎಚ್‌ಮ್ಯಾಕ್ ಮಾಡಿ, ಬಂದ ಎರಡು ಫಲಿತಾಂಶಗಳನ್ನು ಹೋಲಿಸಿ. ಈಗ ಎರಡೂ ಒಂದೇ ಉದ್ದ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಆ ಕೀ ಆಕ್ರಮಣಕಾರನಿಗೆ ಗೊತ್ತಿಲ್ಲದ್ದರಿಂದ ತನ್ನ ಊಹೆ ಯಾವ ಬೈಟ್‌ಗಳಾಗಿ ಬದಲಾಯಿತು ಎಂದು ಅವನಿಗೆ ತಿಳಿಯದು, ಒಂದೊಂದೇ ಬೈಟ್ ಸರಿಪಡಿಸುತ್ತಾ ಹೋಗಲು ಆಗುವುದಿಲ್ಲ.

ಎಪಿಐ ಟೋಕನ್‌ಗಳನ್ನು ಡೇಟಾಬೇಸಿನಲ್ಲಿ `WHERE token = ?` ಎಂದು ಹುಡುಕುತ್ತೇವೆ. ಅಲ್ಲಿ?

ಅಲ್ಲಿ ಹೋಲಿಕೆ ಮಾಡುವುದು ಡೇಟಾಬೇಸ್. ಅದರ ಇಂಡೆಕ್ಸ್ ಬೇಗ ನಿಲ್ಲುವ ಹೋಲಿಕೆಯನ್ನೇ ಬಳಸುತ್ತದೆ, ನೀವು ಬದಲಿಸಲು ಬರುವುದಿಲ್ಲ. ದಾರಿ ಏನೆಂದರೆ ಟೋಕನ್ನನ್ನು ಎರಡು ತುಂಡು ಮಾಡುವುದು. ಮೊದಲ ತುಂಡು ಬರೀ ಗುರುತು, ಗುಟ್ಟಲ್ಲ, ಅದರಿಂದ ಸಾಲು ಹುಡುಕಿ. ಎರಡನೆಯದು ಗುಟ್ಟು. ಅದರ ಶಾ-256 ಹ್ಯಾಶ್ ಮಾತ್ರ ಡೇಟಾಬೇಸಿನಲ್ಲಿರಲಿ. ಬಂದ ಗುಟ್ಟನ್ನು ಹ್ಯಾಶ್ ಮಾಡಿ, ನಿಮ್ಮ ಕೋಡಿನಲ್ಲಿ ಕಾನ್‌ಸ್ಟಂಟ್ ಟೈಮ್ ಆಗಿ ಹೋಲಿಸಿ. ಡೇಟಾಬೇಸ್ ಕಳುವಾದರೂ ಟೋಕನ್‌ಗಳು ಹೊರಬೀಳುವುದಿಲ್ಲ.

ಪಾಸ್‌ವರ್ಡ್‌ಗೂ ಇದೇ ನಿಯಮವಾ?

ಬಿಕ್ರಿಪ್ಟ್ ಅಥವಾ ಆರ್ಗಾನ್2 ಲೈಬ್ರರಿಯ ಪರಿಶೀಲಿಸುವ ಫಂಕ್ಷನ್ ಬಳಸಿದರೆ ಹೋಲಿಕೆಯನ್ನು ಅದೇ ನೋಡಿಕೊಳ್ಳುತ್ತದೆ. ಅಲ್ಲಿ ದೊಡ್ಡದಾಗಿ ಸೋರುವುದು ಬೇರೆ ಕಡೆ. ಬಳಕೆದಾರನ ಹೆಸರೇ ಇಲ್ಲದಿದ್ದರೆ ಕೋಡ್ ಹ್ಯಾಶ್ ಮಾಡದೆ ವಾಪಸ್ ಬರುತ್ತದೆ, ಹೆಸರು ಇದ್ದರೆ ಬಿಕ್ರಿಪ್ಟ್ ಮಿಲಿಸೆಕೆಂಡುಗಟ್ಟಲೆ ಓಡುತ್ತದೆ. ಇದು ಯಾವ ಸರಾಸರಿಯೂ ಇಲ್ಲದೆ ಕಾಣುತ್ತದೆ, ಯಾರ ಖಾತೆ ಇದೆ ಎಂದು ತಿಳಿಸಿಬಿಡುತ್ತದೆ. ಹೆಸರು ಸಿಗದಿದ್ದಾಗಲೂ ಒಂದು ಸುಳ್ಳು ಹ್ಯಾಶ್ ಮೇಲೆ ಅದೇ ಪರಿಶೀಲನೆ ಓಡಿಸಿ.

ನಮ್ಮ ಕೋಡ್ ಸೋರುತ್ತಿದೆಯಾ ಎಂದು ಹೇಗೆ ತಿಳಿಯುವುದು?

ರಿವ್ಯೂ ಮಾಡುವಾಗ ನಾನು ಮೊದಲು `sig`, `mac`, `tag`, `token`, `digest` ಎಂಬ ಹೆಸರುಗಳ ಪಕ್ಕ `==` ಇದೆಯೇ ಎಂದು ಹುಡುಕುತ್ತೇನೆ. ಬಹುಪಾಲು ತಪ್ಪು ಅಲ್ಲೇ ಸಿಗುತ್ತವೆ.

ಅಳೆಯಬೇಕೆಂದರೆ ಎರಡು ಗುಂಪು ಮಾಡಿಕೊಳ್ಳಿ. ಒಂದರಲ್ಲಿ ಮೊದಲ ಬೈಟೇ ತಪ್ಪಿರುವ ಟ್ಯಾಗ್‌ಗಳು, ಇನ್ನೊಂದರಲ್ಲಿ ಕೊನೆಯ ಬೈಟ್ ಮಾತ್ರ ತಪ್ಪಿರುವವು. ಎರಡನ್ನೂ ಬೆರೆಸಿ, ಯಾವ ಕ್ರಮವೂ ಇಲ್ಲದೆ ಓಡಿಸಿ. ಇದು ಮುಖ್ಯ. ಮೊದಲು ಒಂದು ಗುಂಪು ಪೂರ್ತಿ, ಆಮೇಲೆ ಇನ್ನೊಂದು ಎಂದು ಓಡಿಸಿದರೆ, ನಡುವೆ ಪ್ರೊಸೆಸರ್ ವೇಗ ಬದಲಾಗಿ ಇಲ್ಲದ ವ್ಯತ್ಯಾಸ ಕಾಣುತ್ತದೆ. ಲಕ್ಷಾಂತರ ಅಳತೆ ಆದ ಮೇಲೆ ಎರಡು ಸರಾಸರಿಗಳ ನಡುವೆ ಟಿ-ಟೆಸ್ಟ್ ಮಾಡಿ. ಟಿ ಬೆಲೆ 4.5 ದಾಟಿ, ಅಳತೆ ಹೆಚ್ಚಿದಂತೆ ಇನ್ನೂ ಏರುತ್ತಾ ಹೋದರೆ ಸೋರುತ್ತಿದೆ ಎಂದರ್ಥ. `dudect` ಎಂಬ ಚಿಕ್ಕ ಉಪಕರಣ ಇದೇ ಕೆಲಸ ಮಾಡುತ್ತದೆ. ಮೊದಲು ಬೇಕೆಂದೇ `==` ತರಹದ ಲೂಪ್ ಕೊಟ್ಟು ನೋಡಿ. ಅದನ್ನು ಹಿಡಿಯದ ಪರೀಕ್ಷೆ ನಿಮ್ಮ ಕೋಡಿಗೆ ‘ಸರಿ ಇದೆ’ ಅಂದರೆ ನಂಬಲು ಆಗುವುದಿಲ್ಲ.

ಅಳೆಯದೆಯೂ ನೋಡುವ ಒಂದು ದಾರಿಯನ್ನು 2010ರಲ್ಲಿ ಆಡಮ್ ಲ್ಯಾಂಗ್ಲಿ ತೋರಿಸಿದರು. ಮೆಮೊರಿ ತಪ್ಪುಗಳನ್ನು ಹುಡುಕುವ ವ್ಯಾಲ್‌ಗ್ರೈಂಡ್ ಎಂಬ ಉಪಕರಣಕ್ಕೆ ಗುಟ್ಟಿನ ಮೆಮೊರಿಯನ್ನು ‘ಇನ್ನೂ ಬೆಲೆ ತುಂಬಿಲ್ಲದ್ದು’ ಎಂದು ಸುಳ್ಳು ಹೇಳುವುದು. ಬೆಲೆ ತುಂಬದ ಮೆಮೊರಿ ನೋಡಿ ಕೋಡ್ ಜಿಗಿದರೆ ಅದು ದೂರುತ್ತದೆ. ಆ ದೂರು ಬಂದ ಸಾಲೇ ಗುಟ್ಟು ಸೋರುವ ಜಾಗ.

ಹೋಲಿಕೆ ಸರಿ ಮಾಡಿದೆವು. ಇನ್ನು ಟೈಮಿಂಗ್ ಚಿಂತೆ ಇಲ್ಲವಲ್ಲ?

ಹೋಲಿಕೆಯ ಮಟ್ಟಿಗೆ ಇಲ್ಲ. ಆದರೆ ಹೋಲಿಕೆಗೆ ಮುಂಚೆ ಏನು ನಡೆಯುತ್ತದೆ ಎಂದೂ ನೋಡಿ. 2013ರಲ್ಲಿ ಬಂದ ಲಕ್ಕಿ ಥರ್ಟೀನ್ ಆಕ್ರಮಣದಲ್ಲಿ ತೊಂದರೆ ಟ್ಯಾಗ್ ಹೋಲಿಸುವುದರಲ್ಲಿ ಇರಲಿಲ್ಲ. ಟಿಎಲ್‌ಎಸ್‌ನ ಸಿಬಿಸಿ ವಿಧಾನದಲ್ಲಿ ಮೊದಲು ಡಿಕ್ರಿಪ್ಟ್ ಮಾಡಿ, ಪ್ಯಾಡಿಂಗ್ ತೆಗೆದು, ಉಳಿದದ್ದರ ಮೇಲೆ ಟ್ಯಾಗ್ ಲೆಕ್ಕ ಹಾಕುತ್ತಿದ್ದರು. ಪ್ಯಾಡಿಂಗ್ ಎಷ್ಟಿತ್ತು ಎಂಬುದರ ಮೇಲೆ ಹ್ಯಾಶ್ ಮಾಡಬೇಕಾದ ಉದ್ದ ಬದಲಾಗಿ, ಒಂದು ಸುತ್ತು ಹೆಚ್ಚು ಅಥವಾ ಕಡಿಮೆ ಓಡುತ್ತಿತ್ತು. ಆ ಒಂದು ಸುತ್ತಿನಿಂದಲೇ ಸಂದೇಶದ ಪಠ್ಯ ಸೋರಿತು. ಹೊಸ ಪ್ರೋಟೋಕಾಲ್ ಬರೆಯುತ್ತಿದ್ದರೆ ಎನ್‌ಕ್ರಿಪ್ಟ್ ಆದ ಪಠ್ಯದ ಮೇಲೇ ಟ್ಯಾಗ್ ಹಾಕಿ. ಬಂದ ಕೂಡಲೇ ಅದನ್ನು ಪರಿಶೀಲಿಸಿ, ಹೊಂದದಿದ್ದರೆ ಡಿಕ್ರಿಪ್ಟ್ ಮಾಡಲು ಶುರುವೇ ಮಾಡಬೇಡಿ.